ಶಿವರಾಮು ಮಾಡದೆ ಬಿಟ್ಟ ಫೋನು

ಮೈಸೂರಿಗೆ ಅಂಟಿಕೊಂಡ ಹಿನಕಲ್‌ನ ಹಳೇ ಊರಿನ ಬೀದಿಗಳಲ್ಲಿ ಶಿವರಾಮುವನ್ನು ಜನ ಗುರುತಿಸುತ್ತಿದ್ದದ್ದು ಕತಾರ್‌ಗೆ ಹೋಗಿ ಬಂದವನು ಎಂದೇ. ಅವನು ಅಲ್ಲಿ ಒಂಬತ್ತು ವರ್ಷ ವೆಲ್ಡರ್ ಆಗಿದ್ದ. ವಾಪಸು ಬಂದು ಹತ್ತು ವರ್ಷ ದಾಟಿದ್ದರೂ, ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ದಿನವೂ ಹಾಜರಿಯ ಪಂಚ್ ಒತ್ತಿ ಕೆಲಸ ಮಾಡುತ್ತಿದ್ದರೂ, ಆ ಹೆಸರು ಹೋಗಲಿಲ್ಲ. ಗಲ್ಫಿಗೆ ಹೋಗಬೇಕೆಂದು ಯಾರ ಮನೆಯ ಹುಡುಗನಿಗೆ ಆಸೆ ಹುಟ್ಟಿದರೂ ಕಾಗದಪತ್ರ ಹಿಡಿದು ಮೊದಲು ಬರುತ್ತಿದ್ದದ್ದು ಅವನ ಮನೆ ಬಾಗಿಲಿಗೆ. ಅವನಿಗೂ ಅದು ಇಷ್ಟವಾಗುತ್ತಿತ್ತು. ಮಾತು ಕಮ್ಮಿ, ಆದರೆ ಹೇಳಿದ್ದು ತೂಕದ್ದು ಎಂದು ನಾಲ್ಕು ಜನ ಅನ್ನುವುದು ಯಾರಿಗೆ ಬೇಡ?

ಶಿವರಾಮುವಿನ ಅಕ್ಕ ಬೆಟ್ಟಮ್ಮ ಅದೇ ಊರಿನಲ್ಲಿ, ಎರಡು ಬೀದಿ ಆಚೆ ಇದ್ದಳು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಗೋಕುಲಂನಲ್ಲಿ ಯೋಗ ಕಲಿಯಲು ಬಂದು ತಿಂಗಳುಗಟ್ಟಲೆ ಉಳಿಯುವ ವಿದೇಶದವರಿಗೆ ಬಾಡಿಗೆಗೆ ಕೊಡುವ ಯಾರದೋ ಮನೆಯೊಂದಿತ್ತು. ಅಲ್ಲಿ ಅಡುಗೆ ಮಾಡಿಕೊಂಡು ಒಬ್ಬನೇ ಮಗ ನಿರಂಜನನನ್ನು ಸಾಕಿದ್ದಳು. ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದ ಮೇಲೆ ಶಿವರಾಮುವೇ ಅವನನ್ನು ರಿಂಗ್ ರೋಡಿನ ಗೇಟು–ಗ್ರಿಲ್ಲಿನ ಅಂಗಡಿಗೆ ಸೇರಿಸಿದ. ಭಾನುವಾರಗಳಲ್ಲಿ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಕಿಡಿ ಹಾರುವಾಗ ಕೈ ಹೇಗೆ ನಿಲ್ಲಬೇಕು, ಎರಡು ತಗಡಿನ ನಡುವೆ ಎಷ್ಟು ಸಂದು ಬಿಡಬೇಕು ಎಂದು ಹೇಳಿಕೊಟ್ಟ. ತನಗೆ ಗಂಡುಮಕ್ಕಳಿಲ್ಲದ ಶಿವರಾಮುವಿಗೆ ಆ ಹುಡುಗನ ಕೈಯ ನೇರ ನೋಡಿದಾಗಲೆಲ್ಲ ಒಳಗೊಳಗೇ ಹೆಮ್ಮೆ.

ನಿರಂಜನನಿಗೆ ಇಪ್ಪತ್ತನಾಲ್ಕು ತುಂಬಿದ ವರ್ಷ ಶಾರ್ಜಾದಲ್ಲಿ ವೆಲ್ಡರ್ ಕೆಲಸವಿದೆ ಎಂಬ ಸುದ್ದಿ ತಂದದ್ದು ಅಶೋಕ ಎಂಬವನು. ನಗರದೊಳಗೆ ಒಂದು ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ಆಫೀಸು. ಬಾಗಿಲಿನ ಬೋರ್ಡಿನ ಮೇಲೆ ಮುಂಬೈಯ ಯಾವುದೋ ಏಜೆನ್ಸಿಯ ಹೆಸರು, ಅದರ ಕೆಳಗೆ ಲೈಸೆನ್ಸ್ ನಂಬರು. ಬೆಟ್ಟಮ್ಮನಿಗೆ ಮಗನನ್ನು ಕಳಿಸುವ ಮನಸ್ಸಿರಲಿಲ್ಲ. ಹುಡುಗ ಊಟ ಬಿಟ್ಟು ಕೂತಾಗ ಕೊನೆಗೆ ಒಂದು ಮಾತು ಹೇಳಿದಳು.

"ನಿಮ್ಮಾವ ನೋಡಿ ಸರಿ ಐತೆ ಅಂದ್ರೆ ಹೋಗು. ಅವ್ನು ಅಂದ್ರೆ ನಾನೇನೂ ಅನ್ನಕಿಲ್ಲ."

ಶಿವರಾಮು ನೋಡಿದ. ಒಂದು ಭಾನುವಾರ ಬೆಳಿಗ್ಗೆ ಮಗಳು ದಿವ್ಯಳ ಲ್ಯಾಪ್‌ಟಾಪಿನಲ್ಲಿ, ಹೊರದೇಶದ ಕೆಲಸಕ್ಕೆ ಜನ ಕಳಿಸುವ ಏಜೆಂಟರನ್ನೆಲ್ಲ ಸರ್ಕಾರ ಪಟ್ಟಿ ಮಾಡಿರುವ ಇ-ಮೈಗ್ರೇಟ್ ವೆಬ್‌ಸೈಟ್ ತೆಗೆಸಿದ. ಬೋರ್ಡಿನ ಫೋಟೋ ಫೋನಿನಲ್ಲಿತ್ತು. ದಿವ್ಯ ಒಂದೊಂದೇ ಅಂಕಿ ಓದಿ ಹಾಕಿದಳು. ಹೆಸರು ಸಿಕ್ಕಿತು. ನಂಬರು ಅದೇ. ರದ್ದಾಗಿಲ್ಲ, ಅಮಾನತಾಗಿಲ್ಲ, ಅವಧಿಯೂ ಮುಗಿದಿಲ್ಲ. ಲೈಸೆನ್ಸ್ ಜಾರಿಯಲ್ಲಿದೆ ಎಂದೇ ಇತ್ತು. ಕೆಳಗೆ ಮುಂಬೈಯ ವಿಳಾಸ, ಒಂದು ಫೋನ್ ನಂಬರು.

ದಿವ್ಯ ಕೇಳಿದಳು: "ಮೈಸೂರಿನ ಆಫೀಸು ಇದರಲ್ಲಿ ಎಲ್ಲೂ ಕಾಣ್ತಿಲ್ವಲ್ಲ ಅಪ್ಪ?" ಅದು ಅವರ ಬ್ರಾಂಚು ಎಂದು ಅಶೋಕ ಹೇಳಿದ್ದನ್ನೇ ಶಿವರಾಮು ಅವಳಿಗೂ ಹೇಳಿದ. ಬ್ರಾಂಚು ತೆರೆಯಬೇಕಾದರೂ ಸರ್ಕಾರದ ಒಪ್ಪಿಗೆ ಬೇಕು ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಅವನ ಕಾಲದಲ್ಲಿ ಏಜೆಂಟನೇ ಎಲ್ಲ ಮಾಡಿಸಿ, ಪಾಸ್‌ಪೋರ್ಟಿಗೆ ಮುದ್ರೆ ಹಾಕಿಸಿ ಕೈಗೆ ಕೊಟ್ಟಿದ್ದ. ಯಾವ ಮುದ್ರೆ ಏಕೆ ಬಿತ್ತು ಎಂದು ಅವನು ಕೇಳಿದವನೇ ಅಲ್ಲ. ಆದರೂ ಮುಂಬೈಗೆ ಒಂದು ಫೋನ್ ಮಾಡಿ ವಿಚಾರಿಸೋಣ ಎಂದು ಅವನ ಮನಸ್ಸಿಗೆ ಬಂದದ್ದು ನಿಜ. ಅವತ್ತು ಭಾನುವಾರ, ಯಾರೂ ಎತ್ತುವುದಿಲ್ಲ ಅಂದುಕೊಂಡ. ಸೋಮವಾರ ಕಾರ್ಖಾನೆಯಲ್ಲಿ ಓವರ್‌ಟೈಮ್ ಬಿತ್ತು. ಮಂಗಳವಾರ ಮರೆತ. ಬುಧವಾರ ಅಕ್ಕನ ಮನೆಗೆ ಹೋಗಿ, ನೋಡಿದೆ ಅಕ್ಕ, ಸರಿ ಐತೆ ಎಂದ.

ಅದಾದ ಮೇಲೆ ಎಲ್ಲ ಬೇಗಬೇಗ ನಡೆಯಿತು. ಸರ್ಕಾರ ಗೊತ್ತುಮಾಡಿದ ಸೇವಾಶುಲ್ಕದ ಮೂರ್ನಾಲ್ಕು ಪಟ್ಟು ಹಣವನ್ನು ಅಶೋಕ ರಸೀದಿಯಿಲ್ಲದೆ ತೆಗೆದುಕೊಂಡ. ಕರಾರು ಪತ್ರ ಎಂದು ಇಂಗ್ಲಿಷಿನ ಎರಡು ಹಾಳೆ ಕೊಟ್ಟ. ಅದರಲ್ಲಿ ಕಂಪನಿಯ ಹೆಸರಿತ್ತು, ಸಂಬಳವಿತ್ತು, ಮುದ್ರೆ ಇರಲಿಲ್ಲ. ಶಿವರಾಮು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತನ್ನ ಹಳೇ ಕರಾರಿನ ಮೇಲಿದ್ದಂಥ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಅಟೆಸ್ಟೇಶನ್ ಮುದ್ರೆ ಎಲ್ಲಿ ಎಂದು ಕೇಳಿದ. ಅದೆಲ್ಲ ಅಲ್ಲಿಗೆ ಹೋದ ಮೇಲೆ ಕಂಪನಿಯೇ ಮಾಡಿಸುತ್ತದೆ, ಈಗ ಎಲ್ಲ ಆನ್‌ಲೈನ್ ಸಾರ್, ನಿಮ್ಮ ಕಾಲದ ಹಾಗಲ್ಲ ಎಂದ ಅಶೋಕ. ನಿಮ್ಮ ಕಾಲ ಎಂಬ ಮಾತಿಗೆ ಶಿವರಾಮು ಹಾಳೆಗಳನ್ನು ಮಡಚಿಟ್ಟ. ತಾನು ಹಳಬನಾದೆನೇನೋ ಎಂಬ ಸಣ್ಣ ನಾಚಿಕೆ ಅವನ ಬಾಯಿ ಕಟ್ಟಿತು.

ವೀಸಾ ಕೈಗೆ ಬಂದದ್ದು ಹೊರಡುವ ಹಿಂದಿನ ದಿನ. ಅದನ್ನು ಶಿವರಾಮುವಿಗೆ ತೋರಿಸುವಷ್ಟೂ ಹೊತ್ತು ಇರಲಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ನಿರಂಜನನನ್ನು ಬಿಟ್ಟುಬರಲು ಹೋದವನು ಗ್ರಿಲ್ಲಿನ ಅಂಗಡಿಯಲ್ಲಿ ಅವನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಕುಮಾರ್ ಒಬ್ಬನೇ. ಬೆಳಿಗ್ಗೆ ಎಂಟು ಗಂಟೆಗೆ ಶಿವರಾಮು ಕಾರ್ಖಾನೆಯ ಗೇಟಿನಲ್ಲಿದ್ದಾಗ ಫೋನು ಬಂತು.

"ಮಾವ, ವೀಸಾದಲ್ಲಿ ವಿಸಿಟ್ ಅಂತ ಐತೆ. ಕೆಲ್ಸ ಅಂತ ಇಲ್ಲ. ಯಾರಾದ್ರೂ ಕೇಳುದ್ರೆ ನೆಂಟ್ರ ಮನೆಗೆ ಹೋಯ್ತಾ ಇವ್ನಿ ಅನ್ಬೇಕಂತೆ. ವಾಪಸ್ ಬರೋ ಟಿಕೇಟೂ ಕೊಟ್ಟವ್ರೆ, ತೋರ್ಸಕ್ಕೆ."

ಅಶೋಕನನ್ನು ಕೇಳಿದೆಯೇನೋ ಎಂದ ಶಿವರಾಮು. ಕೇಳಿದೆ, ಅಲ್ಲಿಗೆ ಹೋದ ಮೇಲೆ ಬದಲಾಯಿಸುತ್ತಾರಂತೆ, ಎಲ್ಲರೂ ಹೀಗೇ ಹೋಗುವುದಂತೆ ಎಂದ ಹುಡುಗ. ಆಮೇಲೆ, "ಏನ್ ಮಾಡ್ಲಿ ಮಾವ?" ಎಂದ.

ಗೇಟಿನಲ್ಲಿ ಸೈರನ್ ಕೂಗಿತು. ಹಿಂದೆ ನಿಂತಿದ್ದವರು ಪಂಚ್ ಒತ್ತಲು ಅವಸರ ಮಾಡುತ್ತಿದ್ದರು. ಕೊಟ್ಟ ಹಣ, ಗ್ರಿಲ್ಲಿನ ಅಂಗಡಿಗೆ ಹೇಳಿ ಬಿಟ್ಟ ಕೆಲಸ, ಬೀದಿಯವರಿಗೆಲ್ಲ ಹೇಳಿಯಾಗಿದ್ದ ಸುದ್ದಿ ಎಲ್ಲವೂ ಒಟ್ಟಿಗೆ ಅವನ ತಲೆಯೊಳಗೆ ನುಗ್ಗಿದವು.

"ಅವ್ನಿಗೆ ಲೈಸೆನ್ಸ್ ಐತೆ ಕಣೋ, ನಾನೇ ನೋಡಿವ್ನಿ. ಹೋಗು," ಎಂದ.

ಶಾರ್ಜಾದಲ್ಲಿ ವೆಲ್ಡಿಂಗ್ ಶೆಡ್ಡು ಇರಲಿಲ್ಲ. ಕರಾರಿನಲ್ಲಿದ್ದ ಹೆಸರಿನ ಕಂಪನಿಯೂ ಇರಲಿಲ್ಲ. ನಿಲ್ದಾಣಕ್ಕೆ ಬಂದವನೊಬ್ಬ ಪಾಸ್‌ಪೋರ್ಟ್ ಇಸಿದುಕೊಂಡು, ಹದಿನಾಲ್ಕು ಜನರಿದ್ದ ಕೋಣೆಗೆ ತಂದು ಬಿಟ್ಟ. ಮಾರನೆಯ ದಿನದಿಂದ ಕಟ್ಟುತ್ತಿರುವ ಕಟ್ಟಡಗಳ ಹೊರಗಿನ ಸಾರುವೆಯ ಮೇಲೆ ನಿಂತು ಕಬ್ಬಿಣ ಕೂಡಿಸುವ ಕೆಲಸ. ಇವತ್ತು ಒಂದು ಕಟ್ಟಡ, ನಾಳೆ ಇನ್ನೊಂದು. ಎರಡು ತಿಂಗಳ ವೀಸಾ ಮುಗಿಯಿತು, ಯಾರೂ ಬದಲಾಯಿಸಲಿಲ್ಲ. ಆಮೇಲೆ ದಿನಕ್ಕಿಷ್ಟು ಎಂದು ದಂಡ ಏರತೊಡಗಿತು. ಬಿಟ್ಟು ಬರಲು ಕೈಯಲ್ಲಿ ಪಾಸ್‌ಪೋರ್ಟಿಲ್ಲ, ಹೊರಗೆ ಸಿಕ್ಕಿಬಿದ್ದರೆ ಪೊಲೀಸರು. ಇದನ್ನೆಲ್ಲ ನಿರಂಜನ ಹೇಳಿದ್ದು ಮಾವನಿಗೆ ಮಾತ್ರ. ಅವ್ವನಿಗೆ ಹೇಳಬೇಡ ಎಂದು ಪ್ರತಿ ಸಲವೂ ಕೇಳಿಕೊಳ್ಳುತ್ತಿದ್ದ. ತಾಯಿಗೆ ವಿಡಿಯೋ ಕಾಲ್ ಮಾಡುವಾಗ ಸ್ನಾನ ಮಾಡಿ, ಗೆಳೆಯನೊಬ್ಬನ ಒಳ್ಳೆ ಅಂಗಿ ಹಾಕಿಕೊಂಡು ಕೂರುತ್ತಿದ್ದ. ಬೆಟ್ಟಮ್ಮ ಗೋಕುಲಂನ ಮನೆಯವರಿಗೆ ಫೋನು ತೋರಿಸಿ, ನನ್ ಮಗ ದಪ್ಪ ಆಗವ್ನೆ ನೋಡಿ ಅನ್ನುತ್ತಿದ್ದಳು.

ಶಿವರಾಮು ಮುಂಬೈಯ ಆ ನಂಬರಿಗೆ ಫೋನ್ ಮಾಡಿದ್ದು ಆಗ. ಒಂದೇ ರಿಂಗಿಗೆ ಎತ್ತಿದರು. ತಡಬಡಾಯಿಸುವ ಹಿಂದಿಯಲ್ಲಿ ಅವನು ಎಲ್ಲ ಹೇಳಿದ. ಆ ಕಡೆಯ ಹೆಂಗಸು ಸಮಾಧಾನವಾಗಿಯೇ ಕೇಳಿಸಿಕೊಂಡಳು. ತಮಗೆ ಮೈಸೂರಿನಲ್ಲಿ ಬ್ರಾಂಚೂ ಇಲ್ಲ, ಏಜೆಂಟನೂ ಇಲ್ಲ, ತಮ್ಮ ನಂಬರನ್ನು ಹೀಗೆ ಬೋರ್ಡಿಗೆ ಬರೆಸಿಕೊಂಡವರ ಮೇಲೆ ಎರಡು ದೂರು ಕೊಟ್ಟಾಗಿದೆ ಎಂದಳು. ಕಳಿಸುವ ಮೊದಲು ಒಂದು ಸಲ ಕೇಳಬಾರದಿತ್ತೇ ಭಾಯಿಸಾಬ್ ಎಂದೂ ಅಂದಳು. ಮಾತು ಮೂರು ನಿಮಿಷದಲ್ಲಿ ಮುಗಿದಿತ್ತು. ಶಿವರಾಮು ಕಾರ್ಖಾನೆಯ ಸೈಕಲ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವನು ಊಟದ ಬೆಲ್ಲು ಹೊಡೆದರೂ ಏಳಲಿಲ್ಲ.

ಅಂದು ಸಂಜೆಯೇ ದಿವ್ಯಳಿಂದ ವಿದೇಶಾಂಗ ಇಲಾಖೆಯ ಮದದ್ ಎಂಬ ವೆಬ್‌ಸೈಟಿನಲ್ಲಿ ದೂರು ಹಾಕಿಸಿದ. ದುಬೈಯಲ್ಲಿರುವ ಭಾರತೀಯ ಕಾನ್ಸುಲೇಟಿನಿಂದ ಎರಡೇ ದಿನಕ್ಕೆ ಉತ್ತರ ಬಂತು. ಹುಡುಗ ಅಲ್ಲಿನ ಸಹಾಯ ಕೇಂದ್ರಕ್ಕೆ ಬಂದರೆ ಪಾಸ್‌ಪೋರ್ಟ್ ವಿಚಾರ, ದಂಡದ ವಿಚಾರ ಎಲ್ಲ ನೋಡುತ್ತೇವೆ ಎಂದಿದ್ದರು. ಶಿವರಾಮು ನಿರಂಜನನಿಗೆ ವಿಳಾಸ ಕಳಿಸಿದ. ಈ ವಾರ ರಜೆ ಕೊಟ್ಟಿಲ್ಲ, ಮುಂದಿನ ವಾರ ಹೇಗಾದರೂ ತಪ್ಪಿಸಿಕೊಂಡು ಹೋಗುತ್ತೇನೆ ಎಂದು ಹುಡುಗ ಮೆಸೇಜು ಹಾಕಿದ.

ಆ ವಾರದೊಳಗೇ ಅವನು ಐದನೆಯ ಅಂತಸ್ತಿನ ಸಾರುವೆಯಿಂದ ಬಿದ್ದು ತೀರಿಕೊಂಡ. ಸುದ್ದಿ ಹೇಳಿದ್ದು ಕೋಣೆಯಲ್ಲಿ ಜೊತೆಗಿದ್ದ ಒಬ್ಬ ತೆಲುಗಿನವನು.

ಶವ ಬರಲು ಹತ್ತೊಂಬತ್ತು ದಿನ ಹಿಡಿಯಿತು. ಆ ಕಟ್ಟಡದ ಗುತ್ತಿಗೆದಾರ, ಹುಡುಗ ತನ್ನ ಕೆಲಸಗಾರನೇ ಅಲ್ಲ ಎಂದುಬಿಟ್ಟ. ಕೆಲಸದ ವೀಸಾ ಇಲ್ಲ, ನೋಂದಣಿಯಾದ ಕರಾರಿಲ್ಲ; ಅಲ್ಲ ಎನ್ನುವುದು ಅವನಿಗೆ ಸುಲಭವಾಗಿತ್ತು. ಕಾನ್ಸುಲೇಟಿನವರೇ ತಮ್ಮ ಕಲ್ಯಾಣ ನಿಧಿಯಿಂದ ಖರ್ಚು ಹಾಕಿ ಪೆಟ್ಟಿಗೆ ಕಳಿಸಿದರು. ಬೆಂಗಳೂರಿನಿಂದ ಆಂಬುಲೆನ್ಸಿನಲ್ಲಿ ಅದರ ಪಕ್ಕ ಕೂತು ಬಂದವನು ಶಿವರಾಮು. ಮಂಡ್ಯದ ಹತ್ತಿರ ಡ್ರೈವರು ಟೀಗೆ ನಿಲ್ಲಿಸಿದಾಗಲೂ ಅವನು ಇಳಿಯಲಿಲ್ಲ. ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಬೆರಳಿನಿಂದ ಅದನ್ನು ಮತ್ತೆ ಮತ್ತೆ ಸವರುತ್ತಿದ್ದ.

ಬೆಟ್ಟಮ್ಮ ಅತ್ತಳು, ಎದೆ ಬಡಿದುಕೊಂಡಳು. ತಮ್ಮನಿಗೆ ಮಾತ್ರ ಒಂದು ಮಾತೂ ಅನ್ನಲಿಲ್ಲ. ಹನ್ನೊಂದನೆಯ ದಿನದ ಕೆಲಸವೆಲ್ಲ ಮುಗಿದ ಮೇಲೂ ಅನ್ನಲಿಲ್ಲ. ಅವನು ಬಂದರೆ ಕಾಫಿ ಮಾಡಿ ಮುಂದಿಟ್ಟು ಒಳಗೆ ಹೋಗುತ್ತಿದ್ದಳು. ನಾಲ್ಕು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಶಿವರಾಮು ಹೆಂಡತಿ ಸೌಮ್ಯಳ ಹತ್ತಿರ ಹೇಳಿಕೊಂಡು ಅತ್ತದ್ದುಂಟು.

ವಿಮೆ ಏನಾದರೂ ಬರುತ್ತದೆಯೇ ಎಂದು ವಿಚಾರಿಸಲು ಅವನು ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್ ಕಚೇರಿಗೆ ಹೋದ. ಹೊರದೇಶದ ಕೆಲಸಕ್ಕೆ ಹೋಗುವವರಿಗೆ ಅನುಮತಿ ಕೊಡುವ ಕೇಂದ್ರ ಸರ್ಕಾರದ ಕಚೇರಿ ಅದು. ಅಲ್ಲಿದ್ದ ಅಧಿಕಾರಿ ನಡುವಯಸ್ಸಿನ ಹೆಂಗಸು. ಕಾಗದಗಳನ್ನೆಲ್ಲ ನೋಡಿ ನಿಧಾನವಾಗಿ ಬಿಡಿಸಿ ಹೇಳಿದರು. ನಿರಂಜನ ಹತ್ತನೇ ತರಗತಿ ಪಾಸಾಗಿರಲಿಲ್ಲ. ಆದ್ದರಿಂದ ಅವನ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆ ಬೇಕು ಎಂಬ ಗುರುತಿತ್ತು. ಅಂಥವರು ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಈ ಕಚೇರಿಯ ಅನುಮತಿ ಆಗಲೇಬೇಕು. ಕೆಲಸ ಕೊಡುವವನು ಯಾರು, ಕರಾರು ಏನು, ಕಳಿಸುವ ಏಜೆಂಟ್ ಯಾರು ಎಂಬುದೆಲ್ಲ ದಾಖಲಾದ ಮೇಲೆಯೇ ಅನುಮತಿ. ಹತ್ತು ಲಕ್ಷದ ವಿಮೆಯೂ ಅದರ ಜೊತೆಯಲ್ಲೇ ಆಗುವಂಥದು. ನೆಂಟರ ಮನೆಗೆ ಹೋಗುತ್ತೇನೆ ಎಂದು ವಿಸಿಟ್ ವೀಸಾದಲ್ಲಿ ಹೋದವನ ಹೆಸರು ಇಲ್ಲಿನ ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಅಶೋಕನ ಮೇಲೆ ದೂರು ಕೊಡಿ ಎಂದೂ ಅವರೇ ಹೇಳಿದರು. ಆದರೆ ಸೋದರಮಾವ ಕೊಡುವುದಕ್ಕಿಂತ ತಾಯಿಯೇ ಕೊಡಲಿ, ಹೋದವನ ತಂದೆ ತಾಯಿಯೋ ಹೆಂಡತಿ ಮಕ್ಕಳೋ ಒಡಹುಟ್ಟಿದವರೋ ಕೊಟ್ಟ ದೂರಾದರೆ ವಲಸೆ ಕಾಯ್ದೆಯ ಕೆಳಗೆ ಮೊಕದ್ದಮೆ ಹೂಡಲು ದೆಹಲಿಯ ಪೂರ್ವಾನುಮತಿಗೆ ಕಾಯಬೇಕಿಲ್ಲ ಎಂದರು.

ಹಾಗಾಗಿ ಶಿವರಾಮು ಅಕ್ಕನ ಮುಂದೆ ಹೋಗಿ ನಿಲ್ಲಲೇಬೇಕಾಯಿತು. ಅವಳು ಬೇಡ ಎನ್ನಲಿಲ್ಲ. ಸೀರೆ ಬದಲಾಯಿಸಿ, ಮಗನ ಆಧಾರ್ ಕಾರ್ಡು ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರು ಹಿಡಿದು, ಅವನ ಹಿಂದೆ ಎರಡು ಮಾರು ದೂರದಲ್ಲಿ ನಡೆದು ಬಂದಳು. ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಒಂದೊಂದೇ ಕೇಳಿ ಬರೆಸಿಕೊಂಡರು. ಏಜೆಂಟನ ಲೈಸೆನ್ಸನ್ನು ನೀವು ಪರಿಶೀಲಿಸಲಿಲ್ಲವೇ ಎಂಬ ಪ್ರಶ್ನೆ ಬಂದಾಗ ಬೆಟ್ಟಮ್ಮ ತಲೆ ತಗ್ಗಿಸಿದಳು.

"ನಾನು ನೋಡಿದ್ದು ಸ್ವಾಮಿ," ಎಂದ ಶಿವರಾಮು. "ನಂಬರ್ ಸರಿಯಾಗಿತ್ತು. ಆ ಮನುಷ್ಯ ಅವ್ರ ಕಡೆಯವನೇನಾ ಅಂತ ಕೇಳ್ಲಿಲ್ಲ. ನಾನೇ ಅಕ್ಕಂಗೆ ಸರಿ ಐತೆ ಅಂದೆ."

ಅವರು ಅದನ್ನೂ ಬರೆದುಕೊಂಡರು. ಬೆಟ್ಟಮ್ಮ ಸಹಿ ಹಾಕಿದಳು. ವಿಮಾನ ನಿಲ್ದಾಣದಿಂದ ಬಂದ ಫೋನಿನ ವಿಷಯ ಶಿವರಾಮು ಹೇಳಲಿಲ್ಲ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅಶೋಕನನ್ನು ಹಿಡಿದರು. ಇಪ್ಪತ್ತೆರಡು ದಿನಕ್ಕೆ ಜಾಮೀನು ಸಿಕ್ಕಿತು. ಮೊಬೈಲ್ ಅಂಗಡಿಯ ಮೇಲಿನ ಕೋಣೆಗೆ ಯಾವುದೋ ಟೈಲರಿಂಗ್ ತರಗತಿ ಬಂತು. ಕೇಸು ಇನ್ನೂ ನಡೆಯುತ್ತಿದೆ.

ಮರುವರ್ಷ ಅದೇ ಕುಮಾರ್ ತನಗೂ ಒಮಾನಿನಲ್ಲಿ ಕೆಲಸ ಬಂದಿದೆ ಎಂದು ಕಾಗದ ಹಿಡಿದು ಬಂದಾಗ ಶಿವರಾಮು ಮೊದಲು ಬಾಗಿಲು ತೆಗೆಯಲೇ ಇಲ್ಲ. ಇನ್ನು ಯಾರ ಕಾಗದವನ್ನೂ ಮುಟ್ಟುವುದಿಲ್ಲ ಎಂದು ಪ್ರಮಾಣ ಮಾಡಿಕೊಂಡಿದ್ದ. ಹುಡುಗ ಮೂರನೆಯ ಸಲ ಬಂದಾಗ ಸೌಮ್ಯಳೇ ಗಂಡನಿಗೆ ಹೇಳಿದಳು:

"ನೀವು ನೋಡ್ದೆ ಹೋದ್ರೆ ಅವ್ನು ನೋಡಿಸ್ದೇನೇ ಹೋಯ್ತಾನೆ ಕಣ್ರೀ."

ಆಗ ಎದ್ದ. ಪಟ್ಟಿಯಲ್ಲಿ ಹೆಸರು ನೋಡಿದ. ಅಲ್ಲಿ ಕೊಟ್ಟಿದ್ದ ನಂಬರಿಗೇ ಫೋನ್ ಮಾಡಿ, ಕುಮಾರನ ಹೆಸರು ಹೇಳಿ, ಈ ಹುಡುಗನನ್ನು ಆರಿಸಿದ್ದು ನೀವೇ ಹೌದೋ ಎಂದು ಕೇಳಿದ. ಅಷ್ಟಕ್ಕೂ ನಂಬದೆ ಒಂದು ದಿನ ರಜೆ ಹಾಕಿ ಬೆಂಗಳೂರಿಗೆ ಹೋಗಿ, ಪಟ್ಟಿಯಲ್ಲಿದ್ದ ವಿಳಾಸದಲ್ಲೇ ಅವರ ಆಫೀಸು ಇರುವುದನ್ನು ಕಣ್ಣಾರೆ ಕಂಡ. ಇಷ್ಟು ಜನ ಬೇಕು ಎಂದು ಒಮಾನಿನ ಕಂಪನಿ ಬರೆದ ಪತ್ರ, ನಮ್ಮ ಪರವಾಗಿ ಆರಿಸಿ ಎಂದು ಈ ಏಜೆನ್ಸಿಗೆ ಕೊಟ್ಟ ಅಧಿಕಾರ ಪತ್ರ, ಕರಾರು ಮೂರನ್ನೂ ತೆಗೆಸಿ ನೋಡಿದ. ಮೂರಕ್ಕೂ ಮಸ್ಕತ್ತಿನ ಭಾರತೀಯ ರಾಯಭಾರ ಕಚೇರಿಯ ಮುದ್ರೆ ಬಿದ್ದಿತ್ತು. ಸಂಬಳ, ಕೆಲಸದ ಗಂಟೆ, ಊಟ ವಸತಿ, ವಾಪಸು ಟಿಕೆಟ್ ಯಾರದು ಎಂಬುದನ್ನೆಲ್ಲ ದಿವ್ಯಳಿಂದ ಕನ್ನಡದಲ್ಲಿ ಬರೆಸಿ ಕುಮಾರನ ಕೈಗೆ ಕೊಟ್ಟ. ವೀಸಾದಲ್ಲಿ ಕೆಲಸ ಎಂದೇ ಇತ್ತು. ವಲಸೆ ಅನುಮತಿಯೂ ವಿಮೆಯ ಕಾಗದವೂ ಬಂದ ಮೇಲೆಯೇ ಹುಡುಗ ಗ್ರಿಲ್ಲಿನ ಅಂಗಡಿಯ ಕೆಲಸ ಬಿಟ್ಟದ್ದು.

ಕುಮಾರ್ ಹೋಗಿ ನಾಲ್ಕು ತಿಂಗಳಾಯಿತು, ಚೆನ್ನಾಗಿದ್ದಾನೆ. ಅವನ ತಾಯಿ ಬೀದಿಯಲ್ಲಿ ಶಿವರಾಮು ಸಿಕ್ಕಾಗಲೆಲ್ಲ ಕೈ ಮುಗಿಯುತ್ತಾಳೆ. ಅವನಿಗೆ ಅದನ್ನು ನೋಡಲು ಆಗುವುದಿಲ್ಲ, ಬೇರೆ ಬೀದಿ ಹಿಡಿಯುತ್ತಾನೆ.

ಕುಮಾರನ ಮೊದಲ ಸಂಬಳ ಬಂತೆಂದು ಅವನ ಮನೆಯವರು ಬೀದಿಗೆಲ್ಲ ಸಿಹಿ ಹಂಚಿದ ಭಾನುವಾರ ಶಿವರಾಮು ಅಕ್ಕನ ಮನೆಗೆ ಹೋದ. ಬೆಟ್ಟಮ್ಮ ಎಂದಿನಂತೆ ಕಾಫಿ ಇಟ್ಟು ಒಳಗೆ ಹೊರಟಳು. ಅವಳು ಹೊಸ್ತಿಲು ದಾಟುವ ಮೊದಲೇ ಅವನು ಹೇಳಿಬಿಟ್ಟ.

"ಅಕ್ಕ, ಅವತ್ತು ಏರ್‌ಪೋರ್ಟಿಂದ ನನಗೆ ಫೋನ್ ಮಾಡಿದ್ದ. ವೀಸಾ ಸರಿ ಇಲ್ಲ, ಏನ್ ಮಾಡ್ಲಿ ಅಂತ ಕೇಳ್ದ. ನಾನು ಹೋಗು ಅಂದ್ಬುಟ್ಟೆ."

ಅವಳು ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ತಿರುಗಲಿಲ್ಲ. ಹಾಗೇ ಕೇಳಿದಳು: "ಹೆದ್ರಿದ್ನಾ?"

ಇಲ್ಲ ಎಂದುಬಿಡಬಹುದಿತ್ತು. ಒಂದೂವರೆ ವರ್ಷದಲ್ಲಿ ಅವಳು ಅವನನ್ನು ಕೇಳಿದ ಮೊದಲ ಪ್ರಶ್ನೆ ಅದು. ಶಿವರಾಮುವಿಗೆ ಸುಳ್ಳು ಬಾಯಿಗೆ ಬರಲಿಲ್ಲ.

"ಹೆದ್ರಿದ್ದ ಅಕ್ಕ."

ಬೆಟ್ಟಮ್ಮ ಅಲ್ಲೇ ಕುಸಿದು ಕೂತು, ಸೆರಗು ಬಾಯಿಗೊತ್ತಿಕೊಂಡು, ಸದ್ದಿಲ್ಲದೆ ಅತ್ತಳು. ಅವನು ಹತ್ತಿರ ಹೋಗಿ ಭುಜ ಮುಟ್ಟಿದ. ಅವಳು ಕೈ ಸರಿಸಿದಳು, ಬಿರುಸಾಗಿಯೇನೂ ಅಲ್ಲ.

"ಮನೆಗೋಗು ಶಿವರಾಮು," ಎಂದಳು.

ಅವನು ಚಪ್ಪಲಿ ಮೆಟ್ಟಿ ಹೊರಗೆ ಬಂದ. ಆಮೇಲೆ ಎರಡು ಭಾನುವಾರ ಅವಳ ಮನೆಗೆ ಬೀಗ ಹಾಕಿತ್ತು. ಮೂರನೆಯ ಭಾನುವಾರ ಬಾಗಿಲು ತೆಗೆದಿತ್ತು. ಅವಳು ಒಳಗೆ ಒಲೆಯ ಮುಂದೆ ಇದ್ದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಶಿವರಾಮು ಹೊರಗಿನ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಬಂದ. ಈಗಲೂ ವಾರ ತಪ್ಪಿಸದೆ ಹೋಗಿ ಕೂತು ಬರುತ್ತಾನೆ.